ಮೈ ಚುಮುಚುಮು ಅಂದ್ರೆ ಪೌಡರ್ ಕೆಲಸ ಮಾಡ್ತಿದೆ ಅಂತಾನಾ?

ಪ್ರಶ್ನೆ: ಸರ್, ನಾನು 65 ಕೆಜಿ ಇದೀನಿ, 10 ಕಿಲೋಮೀಟರ್ 47 ನಿಮಿಷಕ್ಕೆ ಓಡ್ತೀನಿ. ಮೂರು ತಿಂಗಳಿಂದ ಹಾರ್ಡ್ ವರ್ಕೌಟ್ ಇರೋ ದಿನ, ಅಂದ್ರೆ ವಾರಕ್ಕೆ ಮೂರು ಸಲ, ಅರ್ಧ ಗಂಟೆ ಮುಂಚೆ ಒಂದು ಸ್ಕೂಪ್ ಪ್ರೀ-ವರ್ಕೌಟ್ ಪೌಡರ್ ಕುಡಿತಿದೀನಿ. ಡಬ್ಬಿ ಮೇಲೆ ಒಂದು ಸ್ಕೂಪಿಗೆ ಬೀಟಾ-ಅಲನಿನ್ 3.2 ಗ್ರಾಂ, ಸಿಟ್ರುಲಿನ್ ಮ್ಯಾಲೇಟ್ 3 ಗ್ರಾಂ, ಬೀಟ್‌ರೂಟ್ ಎಕ್ಸ್‌ಟ್ರ್ಯಾಕ್ಟ್ 500 ಮಿಲಿಗ್ರಾಂ ಅಂತಿದೆ, ಕೆಫೀನ್ ಕೂಡ ಇದೆ. ಕುಡಿದು ಸ್ವಲ್ಪ ಹೊತ್ತಿಗೆ ಮುಖ, ಕಿವಿ, ಕೈ ಎಲ್ಲ ಚುಮುಚುಮು ಅನ್ನತ್ತೆ. ಅದೇ ಕೆಲಸ ಮಾಡ್ತಿರೋ ಗುರುತು ಅಂತಾರೆ ಫ್ರೆಂಡ್ಸ್. ರೇಸ್ ದಿನ ಎರಡು ಸ್ಕೂಪ್ ಹಾಕ್ಲಾ? ಇದ್ರಲ್ಲಿ ನಿಜವಾಗ್ಲೂ ಪ್ರೂವ್ ಆಗಿರೋದು ಯಾವುದು?

ಉತ್ತರ: ಎರಡು ಸ್ಕೂಪ್ ಬೇಡ. ಚುಮುಚುಮು ಗುರುತೇ ನಿಜ, ಆದ್ರೆ ಪೌಡರ್ ನಿಮ್ಮ ಚರ್ಮಕ್ಕೆ ತಲುಪಿದೆ ಅನ್ನೋದಕ್ಕೆ ಗುರುತು ಅಷ್ಟೇ, ಕಾಲಿನ ಮಸಲ್‌ಗೂ ಅದಕ್ಕೂ ಸಂಬಂಧಾನೇ ಇಲ್ಲ.

ಏನಾಗತ್ತೆ ಅಂದ್ರೆ, ನಮ್ಮ ಚರ್ಮದಲ್ಲಿ ತುರಿಕೆ, ಚುಚ್ಚಿದ್ದು ಇದನ್ನೆಲ್ಲ ಮೆದುಳಿಗೆ ಹೇಳೋ ಸಣ್ಣ ಸಣ್ಣ ನರದ ತುದಿಗಳಿವೆ, ಅವುಗಳಲ್ಲಿ ಕೆಲವದರ ಮೇಲೆ ಎಮ್‌ಆರ್‌ಜಿಪಿಆರ್-ಡಿ ಅನ್ನೋ ಒಂದು ರಿಸೆಪ್ಟರ್ ಇರತ್ತೆ. ಬೀಟಾ-ಅಲನಿನ್ ರಕ್ತದಲ್ಲಿ ಒಂದೇ ಸಲ ಜಾಸ್ತಿ ಆದಾಗ ಆ ರಿಸೆಪ್ಟರ್‌ಗೆ ಹೋಗಿ ಅಂಟ್ಕೊಳತ್ತೆ, ನರ ಮೆದುಳಿಗೆ ಸಂದೇಶ ಕಳಿಸತ್ತೆ, ನಿಮಗೆ ಇರುವೆ ಹರಿದಂಗೆ ಅನ್ಸತ್ತೆ. 2012ರಲ್ಲಿ ಇಲಿಗಳ ಮೇಲೆ ಮಾಡಿದ ಕೆಲಸದಲ್ಲಿ ಈ ರಿಸೆಪ್ಟರ್ ಇಲ್ಲದ ಇಲಿಗಳಿಗೆ ಬೀಟಾ-ಅಲನಿನ್ ಕೊಟ್ಟಾಗ ಆ ತುರಿಕೆ ಬರಲಿಲ್ಲ ಅಂತ ತೋರ್ಸಿದ್ರು, ಹಾಗಾಗಿ ಕಾರಣ ಇದೇ ಅನ್ನೋದರಲ್ಲಿ ಗೊಂದಲ ಇಲ್ಲ. ಸಾಮಾನ್ಯವಾಗಿ 10ರಿಂದ 20 ನಿಮಿಷಕ್ಕೆ ಶುರುವಾಗಿ ಒಂದು, ಒಂದೂವರೆ ಗಂಟೆಲಿ ತಾನಾಗೇ ಇಳಿಯತ್ತೆ. ಇಲ್ಲಿವರೆಗೆ ಸಿಕ್ಕಿರೋ ಮಾಹಿತಿಲಿ ಇದರಿಂದ ನರಕ್ಕೆ ಹಾನಿ ಅಂತ ಏನೂ ಕಂಡಿಲ್ಲ.

2006ರಲ್ಲಿ ರೋಜರ್ ಹ್ಯಾರಿಸ್ ಅವರ ತಂಡ ಡೋಸನ್ನ ದೇಹದ ತೂಕದ ಲೆಕ್ಕದಲ್ಲಿ ಕೊಟ್ಟು ನೋಡಿದ್ರು. ಕೆಜಿಗೆ 10 ಮಿಲಿಗ್ರಾಂ ಇದ್ದಾಗ ಸಣ್ಣಗೆ, 20 ಆದಾಗ ಚೆನ್ನಾಗೇ ಗೊತ್ತಾಗೋ ಹಂಗೆ, 40 ಆದಾಗ ಜನ ಸಹಿಸ್ಕೊಳಕ್ಕೆ ಆಗಲ್ಲ ಅನ್ನೋ ಮಟ್ಟಕ್ಕೆ. ನಿಮ್ಮ 3.2 ಗ್ರಾಮನ್ನ 65 ಕೆಜಿಗೆ ಭಾಗಿಸಿ ನೋಡಿ, ಕೆಜಿಗೆ 49 ಮಿಲಿಗ್ರಾಂ ಬರತ್ತೆ. ಕಿವಿ ಚುಮುಗುಟ್ಟದೆ ಇನ್ನೇನಾಗತ್ತೆ ಹೇಳಿ! ಎರಡು ಸ್ಕೂಪ್ ಅಂದ್ರೆ 98, ಅದರ ಜೊತೆ ಡಬಲ್ ಕೆಫೀನ್, ಸ್ಟಾರ್ಟ್ ಲೈನ್‌ನಲ್ಲಿ ನಿಂತ್ಕೊಂಡು ಮುಖ ಕೆರ್ಕೊಂತಾ ಹೊಟ್ಟೆ ಕಿವುಚಿಸ್ಕೊಳೋದು ಯಾಕೆ.

ಒಂದು ವ್ಯತ್ಯಾಸ ಮಾತ್ರ ಗೊತ್ತಿರ್ಲಿ. ಕೆಲವು ಪೌಡರ್‌ಗಳಲ್ಲಿ ನಯಾಸಿನ್ ಹಾಕಿರ್ತಾರೆ, ಅದರಿಂದ ಬರೋದು ಮುಖ ಕೆಂಪಾಗಿ ಬಿಸಿ ಏರಿದ ಹಂಗೆ, ಬೀಟಾ-ಅಲನಿನ್‌ದಾದ್ರೆ ಸಾಮಾನ್ಯವಾಗಿ ಕೆಂಪಗಾಗಲ್ಲ, ಬರೀ ಚುಮುಚುಮು. ದದ್ದು ಎದ್ದರೆ, ತುಟಿ ಊದಿಕೊಂಡ್ರೆ, ಉಸಿರು ಬಿಗಿದ್ರೆ ಅದು ಇವೆರಡೂ ಅಲ್ಲ, ಅಲರ್ಜಿ, ನೇರ ಆಸ್ಪತ್ರೆಗೆ ಹೋಗಿ.

ಈಗ ಬೀಟಾ-ಅಲನಿನ್ ಮಸಲ್‌ನಲ್ಲಿ ಏನು ಮಾಡತ್ತೆ ಅನ್ನೋದು. ಅದು ಒಳಗೆ ಹೋಗಿ ಹಿಸ್ಟಿಡಿನ್ ಅನ್ನೋ ಇನ್ನೊಂದು ಅಮೈನೋ ಆಸಿಡ್ ಜೊತೆ ಸೇರಿ ಕಾರ್ನೋಸಿನ್ ಆಗತ್ತೆ. ತುಂಬಾ ಜೋರಾಗಿ ಓಡುವಾಗ ಮಸಲ್‌ನಲ್ಲಿ ಹುಳಿ ಏರತ್ತಲ್ಲ, ಅಂದ್ರೆ ಹೈಡ್ರೋಜನ್ ಅಯಾನ್ ಜಾಸ್ತಿ ಆಗತ್ತಲ್ಲ, ಅದನ್ನ ಸ್ವಲ್ಪ ಹೀರ್ಕೊಳೋದು ಕಾರ್ನೋಸಿನ್ ಕೆಲಸ. ಹಿಸ್ಟಿಡಿನ್ ಮಸಲ್‌ನಲ್ಲಿ ಬೇಕಾದಷ್ಟಿರತ್ತೆ, ಕೊರತೆ ಇರೋದು ಬೀಟಾ-ಅಲನಿನ್‌ಗೆ, ಅದಕ್ಕೇ ಅದನ್ನ ಹೊರಗಿಂದ ಕೊಡೋದು. ಆದ್ರೆ ಇದು ಟ್ಯಾಂಕ್ ತುಂಬೋ ಕೆಲಸ, ಸ್ವಿಚ್ ಹಾಕೋ ಕೆಲಸ ಅಲ್ಲ. ದಿನಾ 4ರಿಂದ 6 ಗ್ರಾಂ ತಪ್ಪದೆ ತಗೊಂಡ್ರೆ ನಾಲ್ಕು ವಾರಕ್ಕೆ ಕಾರ್ನೋಸಿನ್ ಅರ್ಧಕ್ಕಿಂತ ಜಾಸ್ತಿ ಏರಬಹುದು. 2007ರಲ್ಲಿ ಸೈಕ್ಲಿಂಗ್ ಮೇಲೆ ಆದ ಒಂದು ಸ್ಟಡಿಲಿ ನಾಲ್ಕು ವಾರಕ್ಕೆ ಸುಮಾರು 58 ಪರ್ಸೆಂಟ್, ಹತ್ತು ವಾರಕ್ಕೆ 80 ಪರ್ಸೆಂಟ್ ಏರಿತ್ತು. ಬಿಟ್ಟ ಮೇಲೆ ಇಳಿಯೋದೂ ಅಷ್ಟೇ ನಿಧಾನ, ವಾರಗಟ್ಟಲೆ ತಗೊಳತ್ತೆ. ಅಂದ್ರೆ ಅರ್ಧ ಗಂಟೆ ಮುಂಚೆ ಕುಡಿಬೇಕು ಅನ್ನೋದಕ್ಕೆ ಅರ್ಥಾನೇ ಇಲ್ಲ, ಬೆಳಿಗ್ಗೆ ತಗೊಂಡ್ರೂ ಒಂದೇ ರಾತ್ರಿ ಊಟದ ಜೊತೆ ತಗೊಂಡ್ರೂ ಒಂದೇ, ದಿನಾ ತಗೊಬೇಕು ಅಷ್ಟೇ.

ನಿಮ್ಮ ಲೆಕ್ಕ ನೋಡಿ. ವಾರಕ್ಕೆ ಮೂರು ಸ್ಕೂಪ್, ಒಟ್ಟು 9.6 ಗ್ರಾಂ. ಸ್ಟಡಿಗಳಲ್ಲಿ ಕೊಟ್ಟಿರೋದು ವಾರಕ್ಕೆ 28ರಿಂದ 42 ಗ್ರಾಂ. ನಿಮ್ಮದು ಹೆಚ್ಚಂದ್ರೆ ಅದರ ಮೂರನೇ ಒಂದು ಭಾಗ, ಅದೂ ಒಂದೇ ಏಟಿಗೆ ದೊಡ್ಡ ಡೋಸ್. ಚುಮುಚುಮು ಪೂರ್ತಿ, ಲಾಭ ಅರೆಬರೆ. ಇದನ್ನ ಸರಿಯಾಗಿ ತಗೊಳೋರು ಒಂದು ಸಲಕ್ಕೆ ಒಂದು, ಒಂದೂವರೆ ಗ್ರಾಮಿನ ಹಾಗೆ ದಿನಕ್ಕೆ ನಾಲ್ಕು ಸಲ ಹಂಚ್ಕೊಂಡು ಊಟ ತಿಂಡಿ ಜೊತೆ ತಗೊಂತಾರೆ, ಇಲ್ಲಾಂದ್ರೆ ನಿಧಾನವಾಗಿ ಬಿಡೋ ಮಾತ್ರೆ ತಗೊಂತಾರೆ, ಅವರಿಗೆ ಚುಮುಚುಮು ತುಂಬಾ ಕಮ್ಮಿ. ಮಸಲ್ ತುಂಬಿಸ್ಕೊಂಡಿರೋನಿಗೆ ಅಷ್ಟೇನೂ ಅನ್ಸಲ್ಲ, ತುಂಬಿಸ್ಕೊಳದೇ ಇರೋನಿಗೆ ಮೈಯೆಲ್ಲ ಜುಮ್ ಅನ್ನತ್ತೆ, ಈ ತಮಾಷೆ ನೋಡಿ.

ಸರಿ, ದಿನಾ ತಗೊಂಡ್ರೆ ನಿಮಗೆ ಲಾಭ ಇದ್ಯಾ? ಇಲ್ಲಿ ನೋಡ್ಬೇಕಾಗಿರೋದು ರೇಸ್ ಎಷ್ಟು ಹೊತ್ತಿನದು ಅನ್ನೋದನ್ನ. 2012ರಲ್ಲಿ ಅಲ್ಲಿವರೆಗಿನ ಸ್ಟಡಿಗಳನ್ನೆಲ್ಲ ಸೇರ್ಸಿ ನೋಡಿದಾಗ ಒಂದರಿಂದ ನಾಲ್ಕು ನಿಮಿಷದ ಪೂರ್ತಿ ಜೋರಿನ ಕೆಲಸದಲ್ಲಿ ಫಲ ಸ್ಪಷ್ಟವಾಗಿ ಕಂಡಿತ್ತು, ಒಂದು ನಿಮಿಷಕ್ಕಿಂತ ಕಮ್ಮಿ ಇದ್ರೆ ಇಲ್ಲ. ಆಮೇಲೆ 2017ರ ದೊಡ್ಡ ವಿಶ್ಲೇಷಣೆಲಿ ಅರ್ಧ ನಿಮಿಷದಿಂದ ಹತ್ತು ನಿಮಿಷ ಅಂತ ಸ್ವಲ್ಪ ಅಗಲ ಆಯ್ತು. 800 ಮೀಟರ್, 1500 ಮೀಟರ್, ರೋಯಿಂಗ್ 2000 ಮೀಟರ್, ಟ್ರ್ಯಾಕ್ ಸೈಕ್ಲಿಂಗ್ ಇಂಥದ್ದಕ್ಕೆ ಹೇಳಿ ಮಾಡ್ಸಿದ್ದು. ನೀವು 47 ನಿಮಿಷ ಓಡೋದರಲ್ಲಿ ಬಹುಪಾಲು ಹುಳಿ ಏರೋದು ಸಮಸ್ಯೆನೇ ಅಲ್ಲ, ಅಲ್ಲಿ ನಿಮ್ಮನ್ನ ಹಿಡಿಯೋದು ಆಕ್ಸಿಜನ್ ಎಷ್ಟು ಸಾಗ್ಸ್ತೀರ, ಎಷ್ಟು ಮಿತವಾಗಿ ಖರ್ಚು ಮಾಡ್ತೀರ ಅನ್ನೋದು.

ಉದ್ದ ರೇಸ್‌ಗೆ ಒಂದೇ ಒಂದು ಇಂಟರೆಸ್ಟಿಂಗ್ ಜಾಗ ಇದೆ, ಕೊನೇ ಸ್ಪ್ರಿಂಟ್. 2009ರಲ್ಲಿ ಸೈಕ್ಲಿಸ್ಟ್‌ಗಳಿಗೆ ಎಂಟು ವಾರ ಬೀಟಾ-ಅಲನಿನ್ ಕೊಟ್ಟು, ಸುಮಾರು ಎರಡು ಗಂಟೆ ಹೊತ್ತು ರೇಸ್ ಥರ ಏರಿಳಿತದಲ್ಲಿ ತುಳಿಸಿ, ಅದಾದ ಮೇಲೆ ಹತ್ತು ನಿಮಿಷದ ಟೈಮ್ ಟ್ರಯಲ್ ಮಾಡ್ಸಿ, ಕೊನೆಗೆ 30 ಸೆಕೆಂಡ್ ಸ್ಪ್ರಿಂಟ್ ಹೊಡಿಸಿದ್ರು. ಟೈಮ್ ಟ್ರಯಲ್‌ನಲ್ಲಿ ಏನೂ ವ್ಯತ್ಯಾಸ ಇಲ್ಲ. ಸ್ಪ್ರಿಂಟ್‌ನಲ್ಲಿ ಮಾತ್ರ ಸರಾಸರಿ ಪವರ್ 5 ಪರ್ಸೆಂಟ್ ಜಾಸ್ತಿ ಬಂತು, ಪೀಕ್ ಇನ್ನೂ ಜಾಸ್ತಿ. ಗುಂಪಲ್ಲಿ ಸೈಕಲ್ ಹೊಡೆದು ಕೊನೆ ಇನ್ನೂರು ಮೀಟರ್‌ನಲ್ಲಿ ಗೆಲ್ಲೋನಿಗೆ ಅದು ದೊಡ್ಡ ವಿಷಯ, ಗಡಿಯಾರದ ವಿರುದ್ಧ ಓಡೋ ನಿಮಗೆ ಅಷ್ಟೇನಿಲ್ಲ. ಇನ್ನೊಂದು ಮಾತು, ಬೀಟಾ-ಅಲನಿನ್ ಸ್ಟಡಿಗಳಲ್ಲಿ ಈ ಚುಮುಚುಮುನೇ ಒಂದು ತಲೆನೋವು, ಯಾರಿಗೆ ಅಸಲಿ ಪೌಡರ್ ಸಿಕ್ಕಿದೆ ಯಾರಿಗೆ ಸಪ್ಪೆ ಪೌಡರ್ ಅಂತ ಕಿವಿ ಮುಟ್ಕೊಂಡೇ ಹೇಳ್ಬಿಡ್ತಾರೆ, ಹಾಗಾಗಿ ಡೋಸ್ ಹಂಚದೆ ಮಾಡಿದ ಸ್ಟಡಿನ ನಾನು ಸ್ವಲ್ಪ ಅನುಮಾನದಿಂದಲೇ ಓದೋದು. ನಿಮ್ಮ ಫ್ರೆಂಡ್ಸ್‌ಗೂ ಆಗ್ತಿರೋದು ಇದೇ.

ಸಿಟ್ರುಲಿನ್ ವಿಷಯ ಬೇಗ ಮುಗಿಸ್ತೀನಿ. ಐಡಿಯಾ ಏನೋ ಚೆನ್ನಾಗಿದೆ. ನೈಟ್ರಿಕ್ ಆಕ್ಸೈಡ್ ರಕ್ತನಾಳನ ಸಡಿಲ ಮಾಡತ್ತೆ, ಅದನ್ನ ದೇಹ ಆರ್ಜಿನಿನ್‌ನಿಂದ ಮಾಡ್ಕೊಳತ್ತೆ, ಆದ್ರೆ ಆರ್ಜಿನಿನ್ನೇ ನುಂಗಿದ್ರೆ ಬಹಳಷ್ಟನ್ನ ಕರುಳು ಮತ್ತೆ ಲಿವರ್ ದಾರಿಲೇ ತಿಂದ್ಹಾಕ್ತವೆ. ಸಿಟ್ರುಲಿನ್ ಅವೆರಡರ ಕಣ್ಣು ತಪ್ಪಿಸಿ ಕಿಡ್ನಿಗೆ ಹೋಗಿ ಅಲ್ಲಿ ಆರ್ಜಿನಿನ್ ಆಗತ್ತೆ, ಹಂಗಾಗಿ ರಕ್ತದಲ್ಲಿ ಆರ್ಜಿನಿನ್ ಏರ್ಸಕ್ಕೆ ಆರ್ಜಿನಿನ್‌ಗಿಂತ ಸಿಟ್ರುಲಿನ್ನೇ ವಾಸಿ. ಇಷ್ಟು ಪ್ರೂವ್ ಆಗಿದೆ. ಓಟ ಜೋರಾಗತ್ತಾ ಅಂದ್ರೆ ಮಾತ್ರ ಒಬ್ಬೊಬ್ಬರು ಒಂದೊಂದು ಹೇಳ್ತಾರೆ. ದಿನಾ 6 ಗ್ರಾಂ ಏಳು ದಿನ ಕೊಟ್ಟಾಗ ಸೈಕ್ಲಿಂಗ್ ಸುಧಾರಿಸ್ತು ಅಂತ 2015ರದ್ದು, 2.4 ಗ್ರಾಂ ವಾರ ಪೂರ್ತಿ ಕೊಟ್ಟಾಗ 4 ಕಿಲೋಮೀಟರ್ ಟೈಮ್ ಟ್ರಯಲ್ 1.5 ಪರ್ಸೆಂಟ್ ಬೇಗ ಮುಗೀತು ಅಂತ 2016ರದ್ದು. ಅದಕ್ಕೂ ಹತ್ತು ವರ್ಷ ಹಿಂದೆ, 2006ರಲ್ಲಿ, ಟ್ರೆಡ್‌ಮಿಲ್ ಮೇಲೆ ಸುಸ್ತಾಗೋವರೆಗೆ ಓಡ್ಸಿದಾಗ ಸಿಟ್ರುಲಿನ್ ತಗೊಂಡೋರು ಬೇಗ ಸುಸ್ತಾಗಿ ಇಳಿದಿದ್ರು! ಎಂಡ್ಯೂರೆನ್ಸ್ ಸ್ಟಡಿಗಳನ್ನ ಒಟ್ಟು ಹಾಕಿದಾಗ ನಂಬೋ ಅಂಥ ಲಾಭ ನಿಲ್ಲಲ್ಲ. 2018ರಲ್ಲಿ ಅಂತರರಾಷ್ಟ್ರೀಯ ಒಲಿಂಪಿಕ್ ಸಮಿತಿಯ ತಜ್ಞರು ನೇರವಾಗಿ ಪರ್ಫಾರ್ಮೆನ್ಸ್‌ಗೆ ಒಳ್ಳೆ ಪುರಾವೆ ಇದೆ ಅಂತ ಐದನ್ನ ಹೆಸರಿಸಿದ್ರು: ಕೆಫೀನ್, ಕ್ರಿಯೇಟಿನ್, ನೈಟ್ರೇಟ್, ಬೀಟಾ-ಅಲನಿನ್, ಬೈಕಾರ್ಬೊನೇಟ್. ಸಿಟ್ರುಲಿನ್ ಅದರಲ್ಲಿಲ್ಲ. ನಿಮ್ಮ 3 ಗ್ರಾಂ ಸಿಟ್ರುಲಿನ್ ಮ್ಯಾಲೇಟ್‌ನಲ್ಲಂತೂ ಮ್ಯಾಲೇಟ್ ಕಳೆದ್ರೆ ಉಳಿಯೋದು ಹೆಚ್ಚಂದ್ರೆ ಎರಡು ಗ್ರಾಂ ಚಿಲ್ಲರೆ. ಇದಕ್ಕೆ ದುಡ್ಡು ಹಾಕ್ಬೇಡಿ ಅಂತ ನನ್ನ ಅಭಿಪ್ರಾಯ.

ನಿಮ್ಮ ಥರದ ಓಟಗಾರರಿಗೆ ಮೂರರಲ್ಲಿ ಟ್ರೈ ಮಾಡೋ ಯೋಗ್ಯತೆ ಇರೋದು ಬೀಟ್‌ರೂಟ್, ಆದ್ರೆ ನಿಮ್ಮ ಡಬ್ಬಿಲಿ ಇರೋ ಬೀಟ್‌ರೂಟ್ ಅಲ್ಲ.

ಇದರ ದಾರಿ ಸ್ವಲ್ಪ ವಿಚಿತ್ರ. ಬೀಟ್‌ರೂಟ್‌ನಲ್ಲಿ ನೈಟ್ರೇಟ್ ಇರತ್ತೆ, ಅದು ಕರುಳಿಂದ ರಕ್ತಕ್ಕೆ ಹೋಗಿ, ಒಂದು ಪಾಲು ಮತ್ತೆ ಎಂಜಲಿಗೆ ವಾಪಸ್ ಬರತ್ತೆ. ನಾಲಿಗೆಯ ಹಿಂಭಾಗದಲ್ಲಿ ವಾಸ ಮಾಡೋ ಬ್ಯಾಕ್ಟೀರಿಯಾ ಅದನ್ನ ನೈಟ್ರೈಟ್ ಮಾಡ್ತವೆ, ನಾವು ಆ ಎಂಜಲು ನುಂಗ್ತೀವಿ, ಆ ನೈಟ್ರೈಟ್ ರಕ್ತಕ್ಕೆ ಹೋಗಿ ಆಕ್ಸಿಜನ್ ಕಮ್ಮಿ ಇರೋ ಜಾಗದಲ್ಲಿ, ಅಂದ್ರೆ ದುಡೀತಿರೋ ಮಸಲ್‌ನಲ್ಲಿ, ನೈಟ್ರಿಕ್ ಆಕ್ಸೈಡ್ ಆಗತ್ತೆ. ಮನುಷ್ಯನ ದೇಹಕ್ಕೆ ತಾನೇ ಆ ಮೊದಲನೇ ಹೆಜ್ಜೆ ಚೆನ್ನಾಗಿ ಮಾಡಕ್ಕೆ ಬರಲ್ಲ, ಬಾಯಲ್ಲಿರೋ ಬಾಡಿಗೆದಾರರೇ ಮಾಡ್ಕೊಡಬೇಕು. ಈ ಸುತ್ತು ಮುಗಿಯಕ್ಕೆ ಎರಡು ಮೂರು ಗಂಟೆ ಬೇಕು, ಅದಕ್ಕೇ ಅರ್ಧ ಗಂಟೆ ಮುಂಚೆ ಕುಡಿಯೋದು ದಂಡ.

ನನ್ನ ಹತ್ರ ಬರ್ತಿದ್ದ ಒಬ್ಬ ಸೈಕ್ಲಿಸ್ಟ್ ಇದಕ್ಕೆ ಒಳ್ಳೆ ಉದಾಹರಣೆ. ಜ್ಯೂಸ್ ಸರಿ, ಟೈಮಿಂಗ್ ಸರಿ, ಪ್ರಮಾಣ ಸರಿ, ಒಂದು ತಿಂಗಳಾದ್ರೂ ಏನೂ ಇಲ್ಲ ಅಂತ ಗೊಣಗ್ತಿದ್ದ. ಬೆಳಗಿನ ದಿನಚರಿನ ಒಂದೊಂದೇ ಹೇಳು ಅಂದೆ. ಎದ್ದೆ, ಜ್ಯೂಸ್ ಕುಡಿದೆ, ಹಲ್ಲುಜ್ಜಿದೆ, ಮೌತ್‌ವಾಶ್‌ನಲ್ಲಿ ಬಾಯಿ ಮುಕ್ಕಳಿಸ್ದೆ... ಅಲ್ಲಿಗೆ ನಿಲ್ಲಿಸ್ದೆ. ಬಾಯಿಯ ಹುಣ್ಣಿಗೆ ಅಂತ ಶುರು ಮಾಡಿದ ಆಂಟಿಸೆಪ್ಟಿಕ್, ಹುಣ್ಣು ಹೋದ್ಮೇಲೂ ಬಿಟ್ಟಿರಲಿಲ್ಲ. ಬ್ಯಾಕ್ಟೀರಿಯಾನೇ ಸಾಯಿಸಿಬಿಟ್ರೆ ನೈಟ್ರೇಟ್ ನೈಟ್ರೇಟಾಗೇ ಉಳಿದು ಮೂತ್ರದಲ್ಲಿ ಹೋಗತ್ತೆ. ಇದು ಅವನೊಬ್ಬನ ಕಥೆ ಅಲ್ಲ, 2008ರಲ್ಲೇ ಮೌತ್‌ವಾಶ್ ಬಳಸಿದೋರ ರಕ್ತದಲ್ಲಿ ನೈಟ್ರೈಟ್ ಏರೋದು ತುಂಬಾ ಕಮ್ಮಿ ಆಗತ್ತೆ ಅಂತ ಅಳೆದು ತೋರ್ಸಿದ್ದಾರೆ. ಹಲ್ಲುಜ್ಜೋದಕ್ಕೆ ಅಡ್ಡಿ ಇಲ್ಲ, ಮೌತ್‌ವಾಶ್ ಬಿಡಿ. ಡೆಂಟಿಸ್ಟ್ ಬರೆದುಕೊಟ್ಟಿದ್ರೆ ಆ ಕೋರ್ಸ್ ಮುಗಿಯೋವರೆಗೆ ಬೀಟ್‌ರೂಟ್‌ನೇ ಬಿಡಿ.

ಪುರಾವೆಗೆ ಬರೋಣ. 2007ರಲ್ಲಿ ಸ್ವೀಡನ್‌ನಲ್ಲಿ ಫಿಲಿಪ್ ಲಾರ್ಸೆನ್ ಮತ್ತೆ ಜೊತೆಗಾರರು ಮೂರು ದಿನ ನೈಟ್ರೇಟ್ ಕೊಟ್ಟಾಗ ಅದೇ ವೇಗಕ್ಕೆ ಬೇಕಾಗೋ ಆಕ್ಸಿಜನ್ ಕಮ್ಮಿ ಆಯ್ತು. ಇದು ಆಗಬಾರದಿತ್ತು, ಪುಸ್ತಕದ ಪ್ರಕಾರ ಅದು ಬದಲಾಗದ ಲೆಕ್ಕ. 2009ರಲ್ಲಿ ಇಂಗ್ಲೆಂಡಿನ ಎಕ್ಸೆಟರ್‌ನ ತಂಡ ದಿನಾ ಅರ್ಧ ಲೀಟರ್ ಬೀಟ್‌ರೂಟ್ ಜ್ಯೂಸ್ ಕೊಟ್ಟು ಅದನ್ನೇ ಕಂಡ್ರು, ಜೊತೆಗೆ ಸುಸ್ತಾಗೋ ಸಮಯ 16 ಪರ್ಸೆಂಟ್ ಮುಂದಕ್ಕೆ ಹೋಯ್ತು. ಆಮೇಲೆ ಅದೇ ಬಣ್ಣ ಅದೇ ರುಚಿ ಇಟ್ಟು ನೈಟ್ರೇಟ್ ಮಾತ್ರ ಸೋಸಿ ತೆಗೆದ ಜ್ಯೂಸನ್ನ ಸಪ್ಪೆ ಜ್ಯೂಸಾಗಿ ಬಳಸಕ್ಕೆ ಶುರು ಮಾಡಿದ್ರು, ಯಾರು ಯಾವುದು ಕುಡಿದ್ರು ಅಂತ ಗೊತ್ತಾಗೋ ಚಾನ್ಸ್ ಕಮ್ಮಿ, ಹಾಗಾಗಿ ಇಲ್ಲಿ ಪುರಾವೆ ಬೀಟಾ-ಅಲನಿನ್‌ಗಿಂತ ಶುದ್ಧ.

ಆ 16 ಪರ್ಸೆಂಟ್ ನೋಡಿ 47 ನಿಮಿಷ 40 ಆಗತ್ತೆ ಅನ್ಕೋಬೇಡಿ. ಅದು ಒಂದೇ ಲೋಡ್‌ನಲ್ಲಿ ಬಿದ್ದುಹೋಗೋವರೆಗೆ ತುಳಿಯೋ ಟೆಸ್ಟ್, ಅಲ್ಲಿ ಸಣ್ಣ ಲಾಭಾನೂ ದೊಡ್ಡದಾಗಿ ಕಾಣತ್ತೆ. ರೇಸ್ ಸಮಯಕ್ಕೆ ಇಳಿಸಿದ್ರೆ ಒಂದೆರಡು ಪರ್ಸೆಂಟ್, ಅದೂ ಎಲ್ಲರಿಗೂ ಅಲ್ಲ. 2011ರಲ್ಲಿ ಕ್ಲಬ್ ಮಟ್ಟದ ಸೈಕ್ಲಿಸ್ಟ್‌ಗಳಿಗೆ 16 ಕಿಲೋಮೀಟರ್ ಟೈಮ್ ಟ್ರಯಲ್‌ನಲ್ಲಿ 2.7 ಪರ್ಸೆಂಟ್ ಸಿಕ್ತು, ಮರು ವರ್ಷ ಚೆನ್ನಾಗಿ ತರಬೇತಾದೋರಿಗೆ 50 ಮೈಲಿ ಮಾಡ್ಸಿದಾಗ 0.8 ಪರ್ಸೆಂಟ್, ಅದನ್ನ ಲಾಭ ಅಂತ ಗಟ್ಟಿಯಾಗಿ ಹೇಳೋ ಹಾಗಿರಲಿಲ್ಲ. ಫಿಟ್‌ನೆಸ್ ಜಾಸ್ತಿ ಆದಷ್ಟೂ ಫಲ ಕಮ್ಮಿ, ತುಂಬಾ ಮೇಲಿನ ಮಟ್ಟದೋರಿಗೆ ಬಹುತೇಕ ಸೊನ್ನೆ. 47 ನಿಮಿಷದ ಓಟಗಾರ ಅಂದ್ರೆ, ಬೇಜಾರು ಮಾಡ್ಕೋಬೇಡಿ, ಫಲ ಸಿಗೋ ಗುಂಪಲ್ಲೇ ಇದೀರ.

ಈಗ ಡಬ್ಬಿ. ಬೇಕಾಗಿರೋ ಡೋಸ್ 350ರಿಂದ 600 ಮಿಲಿಗ್ರಾಂ ನೈಟ್ರೇಟ್, ಬೀಟ್‌ರೂಟ್ ಅಲ್ಲ, ನೈಟ್ರೇಟ್. ನಿಮ್ಮ 500 ಮಿಲಿಗ್ರಾಂ ಎಕ್ಸ್‌ಟ್ರ್ಯಾಕ್ಟ್‌ನಲ್ಲಿ ಉದಾರವಾಗಿ ಎರಡು ಪರ್ಸೆಂಟ್ ನೈಟ್ರೇಟ್ ಇದೆ ಅನ್ಕೊಂಡ್ರೂ ಬರೋದು 10 ಮಿಲಿಗ್ರಾಂ. ಪೌಡರ್‌ಗೆ ಬಣ್ಣ ಬರತ್ತೆ, ಅಷ್ಟೇ. ಕೊಳ್ಳೋದಾದ್ರೆ ಲೇಬಲ್ ಮೇಲೆ ನೈಟ್ರೇಟ್ ಎಷ್ಟು ಅಂತ ಅಂಕಿ ಹಾಕಿರೋ ಗಟ್ಟಿ ಜ್ಯೂಸ್ ನೋಡಿ, ಅಂಕಿ ಇಲ್ಲದಿದ್ರೆ ವಾಪಸ್ ಇಡಿ. 2019ರಲ್ಲಿ ಮಾರ್ಕೆಟ್‌ನಲ್ಲಿರೋ 24 ಬೀಟ್‌ರೂಟ್ ಪ್ರಾಡಕ್ಟ್‌ಗಳನ್ನ ಟೆಸ್ಟ್ ಮಾಡಿದಾಗ ಒಂದು ಸರ್ವಿಂಗ್‌ಗೆ ಕೆಲಸಕ್ಕೆ ಬರೋಷ್ಟು ನೈಟ್ರೇಟ್ ಇದ್ದದ್ದು ಐದರಲ್ಲೇ. ಮನೆಲಿ ತಾಜಾ ಬೀಟ್‌ರೂಟ್ ಜ್ಯೂಸ್ ಮಾಡ್ಕೊಂಡ್ರೂ ಆಗತ್ತೆ, ಸುಮಾರು ಅರ್ಧ ಲೀಟರ್, ಆದ್ರೆ ಬೆಳೆದ ಮಣ್ಣು, ಗೊಬ್ಬರದ ಮೇಲೆ ನೈಟ್ರೇಟ್ ತುಂಬಾ ಏರುಪೇರು ಆಗತ್ತೆ, ಬೇಯ್ಸಿ ನೀರು ಚೆಲ್ಲಿದ್ರೆ ಬಹಳಷ್ಟು ಆ ನೀರಲ್ಲೇ ಹೋಗತ್ತೆ. ಜಾಸ್ತಿ ಕುಡಿದ್ರೆ ಜಾಸ್ತಿ ಫಲ ಅಂತಾನೂ ಇಲ್ಲ, 2013ರಲ್ಲಿ 70 ಎಂಎಲ್ ಗಟ್ಟಿ ಜ್ಯೂಸಿನ ಒಂದು, ಎರಡು, ನಾಲ್ಕು ಶಾಟ್ ಕೊಟ್ಟು ಹೋಲಿಸಿದಾಗ ಎರಡು ಶಾಟ್‌ಗಿಂತ ನಾಲ್ಕರಲ್ಲಿ ಏನೂ ಹೆಚ್ಚು ಸಿಗಲಿಲ್ಲ.

ನೀವು ಮಾಡ್ಬೇಕಾಗಿರೋದು ಇಷ್ಟು. ರೇಸ್‌ಗೆ ಆರು ವಾರ ಇರೋವಾಗ 5 ಕಿಲೋಮೀಟರ್ ಟೈಮ್ ಟ್ರಯಲ್ ನಾಲ್ಕು ಸಲ ಓಡಿ, ವಾರಕ್ಕೊಂದು, ಅದೇ ಟ್ರ್ಯಾಕ್, ಅದೇ ಹೊತ್ತು, ಅದೇ ಶೂ, ಹಿಂದಿನ ದಿನ ಅದೇ ಹಗುರ ಓಟ. ಎರಡು ಸಲ ಜ್ಯೂಸ್ ಜೊತೆ, ಎರಡು ಸಲ ಇಲ್ಲದೆ, ಮೊದಲೆರಡು ಒಂಥರ ಕೊನೆ ಎರಡು ಇನ್ನೊಂಥರ ಅಂತಲ್ಲ, ಮೊದಲನೇದು ಮತ್ತೆ ನಾಲ್ಕನೇದು ಜ್ಯೂಸ್ ಇಲ್ಲದೆ, ಮಧ್ಯದ ಎರಡು ಜ್ಯೂಸ್ ಜೊತೆ, ಹಿಂಗೆ ಮಾಡಿದ್ರೆ ವಾರದಿಂದ ವಾರಕ್ಕೆ ಫಿಟ್‌ನೆಸ್ ಏರೋದರ ಮೋಸ ಸ್ವಲ್ಪ ತಪ್ಪತ್ತೆ. ಜ್ಯೂಸ್ ವಾರಗಳಲ್ಲಿ ಟ್ರಯಲ್‌ಗೆ ಮುಂಚಿನ ಮೂರು ದಿನ ದಿನಾ ಒಂದು ಡೋಸ್, ಟ್ರಯಲ್ ದಿನ ಎರಡೂವರೆ ಗಂಟೆ ಮುಂಚೆ ಇನ್ನೊಂದು. ಒಂದು ಎಚ್ಚರಿಕೆ, 47 ನಿಮಿಷಕ್ಕೆ ಒಂದು ಪರ್ಸೆಂಟ್ ಅಂದ್ರೆ 28 ಸೆಕೆಂಡ್, ಗಾಳಿ ಬಿಸಿಲು ನಿದ್ದೆಯಿಂದಲೇ ಅಷ್ಟು ಹೆಚ್ಚುಕಮ್ಮಿ ಆಗತ್ತೆ. ಹಂಗಾಗಿ ಎರಡೂ ಜ್ಯೂಸ್ ಓಟ ಎರಡೂ ಬರಿ ಓಟಕ್ಕಿಂತ ಬೇಗ ಬಂದ್ರೆ ಮಾತ್ರ ಇಟ್ಕೊಳಿ, ಕಲಸುಮೇಲೋಗರ ಆದ್ರೆ ಬಿಟ್ಬಿಡಿ. ಹೊಟ್ಟೆ ತಡ್ಕೊಳತ್ತಾ ಅನ್ನೋದೂ ಇದ್ರಲ್ಲೇ ಗೊತ್ತಾಗತ್ತೆ, ರೇಸ್ ದಿನವೇ ಮೊದಲ ಸಲ ಕುಡಿಯೋ ಸಾಹಸ ಮಾತ್ರ ಬೇಡ. ಮೂತ್ರ ಕೆಂಪು ಗುಲಾಬಿ ಬಣ್ಣಕ್ಕೆ ಬಂದ್ರೆ ಗಾಬರಿ ಆಗ್ಬೇಡಿ, ಅದು ಬೀಟ್‌ರೂಟ್ ಬಣ್ಣ, ರಾತ್ರಿ ಹನ್ನೊಂದಕ್ಕೆ ಆ ಫೋನ್ ನನಗೆ ಎಷ್ಟು ಸಲ ಬಂದಿದೆಯೋ. ಜ್ಯೂಸ್ ನಿಲ್ಲಿಸಿ ಎರಡು ದಿನ ಆದ್ಮೇಲೂ ಕೆಂಪಿದ್ರೆ ಡಾಕ್ಟರ್‌ಗೆ ತೋರ್ಸಿ. ಬಿಪಿ ಮಾತ್ರೆ ಅಥವಾ ಎದೆನೋವಿನ ನೈಟ್ರೇಟ್ ಮಾತ್ರೆ ತಗೊಳೋರು, ಆಕ್ಸಲೇಟ್ ಕಿಡ್ನಿ ಕಲ್ಲು ಆದೋರು ಡಾಕ್ಟರನ್ನ ಕೇಳದೆ ಶುರು ಮಾಡೋ ಹಾಗಿಲ್ಲ.

ಉಳಿದಿರೋ ಡಬ್ಬಿನ ಏನು ಮಾಡೋದು ಅಂತ ಮುಂದಿನ ಪ್ರಶ್ನೆ ಬರತ್ತೆ ನೋಡಿ. ಅದನ್ನೇ ದಿನಾ ನಾಲ್ಕು ಸಲ ಕಾಲು ಕಾಲು ಸ್ಕೂಪ್ ಹಾಕೊಂಡ್ರೆ ಬೀಟಾ-ಅಲನಿನ್ ಲೆಕ್ಕ ಸರಿಹೋಗ್ಬಹುದಲ್ವಾ ಅಂತ ಜಾಣರು ಕೇಳ್ತಾರೆ. ಆದ್ರೆ ಅದರಲ್ಲಿ ಕೆಫೀನ್ ಇದೆ, ಸಂಜೆ ಮತ್ತೆ ರಾತ್ರಿಯ ಕಾಲು ಸ್ಕೂಪ್ ನಿಮ್ಮ ನಿದ್ದೆ ತಿನ್ನತ್ತೆ. ವಾರಕ್ಕೊಂದು ದಿನ ಇಂಟರ್‌ವಲ್‌ಗೆ ಮುಂಚೆ ಅರ್ಧ ಸ್ಕೂಪ್ ಹಾಕ್ಕೊಂಡು ಮುಗಿಸಿ, ಓಟಕ್ಕೆ ಅದರಲ್ಲಿ ಕೆಲಸ ಮಾಡ್ತಿರೋದು ಆ ಕೆಫೀನೇ ಇರಬೇಕು. 5 ಕಿಲೋಮೀಟರ್ ಟ್ರಯಲ್ ದಿನ ಮಾತ್ರ ಆ ಡಬ್ಬಿ ಮುಟ್ಬೇಡಿ, ಇಲ್ಲಾಂದ್ರೆ ಯಾವುದರಿಂದ ಏನಾಯ್ತು ಅಂತ ನಿಮಗೂ ಗೊತ್ತಾಗಲ್ಲ, ನನಗೂ ಗೊತ್ತಾಗಲ್ಲ.